ಸಹಾಯ ಬೇಕು: ಮೆಕ್ಕೆಜೋಳಕ್ಕೆ ಯೂರಿಯಾ ಲೆಕ್ಕ, ಒಂದು ಚೀಲದ ವ್ಯತ್ಯಾಸ

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ನಮ್ಮ ಕೆಂಪು ಮಣ್ಣಿನ ಹೊಲ, ಬೋರ್ ನೀರಿದೆ. ಎಕರೆಗೆ 30 ಕ್ವಿಂಟಾಲ್ ಕಾಳು ತೆಗೆಯಬೇಕು ಅಂತಿದ್ದೇನೆ.

ಒಂದು ಕ್ವಿಂಟಾಲ್ ಕಾಳಿಗೆ, ದಂಟು ಸೇರಿಸಿ, ಬೆಳೆ ಸುಮಾರು 2.2 ಕೆಜಿ ಸಾರಜನಕ ಎಳೆಯುತ್ತದೆ ಅಂತ ಹಿಡಿದೆ. ಅಂದರೆ 66 ಕೆಜಿ. ಮಣ್ಣು ಪರೀಕ್ಷೆಯಲ್ಲಿ ಹೆಕ್ಟೇರಿಗೆ 242 ಕೆಜಿ ಲಭ್ಯ ಸಾರಜನಕ ಬಂದಿದೆ, ಎಕರೆಗೆ 98. ಮೊದಲು ಈ 98 ಅನ್ನು ಪೂರ್ತಿ ಕಳೆದುಬಿಟ್ಟೆ. ಯೂರಿಯಾನೇ ಬೇಡ ಅಂತ ಬಂತು! ಆಮೇಲೆ ಗೊತ್ತಾಯಿತು, ಅದರಲ್ಲಿ ಬೆಳೆಗೆ ಸಿಗುವುದು ಕಾಲು ಭಾಗದಷ್ಟೇ. 24 ಕೆಜಿ ಕಳೆದರೆ ಉಳಿದದ್ದು 42.

ಹಾಕಿದ್ದರಲ್ಲಿ ಅರ್ಧ ಬೆಳೆಗೆ ದಕ್ಕಿದರೆ 84 ಕೆಜಿ ಸಾರಜನಕ ಹಾಕಬೇಕು. ಒಂದು ಚೀಲ ಡಿಎಪಿಯಿಂದ 9 ಬರುತ್ತದೆ. ಮಿಕ್ಕ 75ಕ್ಕೆ 163 ಕೆಜಿ ಯೂರಿಯಾ, ಅಂದರೆ 45 ಕೆಜಿಯ ಮೂರೂವರೆ ಚೀಲಕ್ಕೆ ಸ್ವಲ್ಪ ಜಾಸ್ತಿ. ಶೇ. 40 ಮಾತ್ರ ದಕ್ಕಿದರೆ 209 ಕೆಜಿ. ಇಲ್ಲೇ ಒಂದು ಚೀಲ ಹೆಚ್ಚಾಯಿತು, ಅಲ್ವಾ?

ಕಳೆದ ವರ್ಷ ಯೂರಿಯಾ ಎರಚಿದ ಮರುದಿನವೇ ಜೋರು ಮಳೆ ಬಂತು. ಆಮೇಲೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾದವು, ಅಂಚು ಮಾತ್ರ ಹಸಿರಾಗಿತ್ತು. ಅದಕ್ಕೇ ಭಯ.

ಈ ಸಲ ಮೂರು ಕಂತಲ್ಲಿ, ಮಣ್ಣು ಮುಚ್ಚಿ ಕೊಡುತ್ತೇನೆ. ಹಾಗೆ ಮಾಡಿದರೆ ಇಂಥ ಮಣ್ಣಲ್ಲಿ ಶೇ. 50 ಹಿಡಿಯಬಹುದಾ? ಸಾರಜನಕ ಹಾಕದ ನಾಲ್ಕು ಸಾಲು ಬಿಟ್ಟು ಇಳುವರಿ ಹೋಲಿಸಿ ನೋಡಿದವರು ಇದ್ದರೆ ನಿಮ್ಮ ಲೆಕ್ಕ ದಯವಿಟ್ಟು ತಿಳಿಸಿ. ದಂಟನ್ನು ಹೊಲದಲ್ಲೇ ಬಿಟ್ಟರೆ ಮುಂದಿನ ಬೆಳೆಗೆ ಎಷ್ಟು ಕಳೆಯುತ್ತೀರಿ ಅನ್ನುವುದೂ ಬೇಕು.