ಬಾಯಲ್ಲಿ ಹೇಳಿ ಕರೆ ಮಾಡುವಾಗ ಫೋನ್ ಹೆಸರನ್ನು ತಪ್ಪಾಗಿ ಗ್ರಹಿಸಿದರೆ: ಕೆಲವರ ಅನುಭವ

ಕೇಳಿದವರು, ತುಮಕೂರು

ನಮ್ಮ ತಂದೆಯವರಿಗೆ ದೃಷ್ಟಿ ಮಂದವಾಗಿರುವುದರಿಂದ ಆಂಡ್ರಾಯ್ಡ್ ಫೋನಿಗೆ ಬಾಯಲ್ಲಿ ಹೇಳಿಯೇ ಕರೆ ಮಾಡುತ್ತಾರೆ. ಹೆಸರುಗಳು ಕೆಲವು ಕನ್ನಡದಲ್ಲಿವೆ, ಕೆಲವು ಇಂಗ್ಲಿಷಿನಲ್ಲಿವೆ. ‘ಶಾಂತಕ್ಕನಿಗೆ ಕಾಲ್ ಮಾಡು’ ಎಂದರೆ ‘Shantharam Gas’ ಎಂಬವರಿಗೆ ಕರೆ ಹೋಗುತ್ತದೆ. ಇನ್ನೊಂದು ಹೆಸರು ಪಟ್ಟಿಯಲ್ಲಿದ್ದರೂ ಇಲ್ಲವೆಂದೇ ಹೇಳುತ್ತದೆ. ಅದನ್ನು ಫೋನಿನಿಂದ ನಕಲು ಮಾಡಿ ಹಾಕಿದ್ದೇನೆ: ಶ೦ಕರ ಎಲೆಕ್ಟ್ರಿಷಿಯನ್. ಅನುಭವವಿದ್ದವರು ದಯವಿಟ್ಟು ತಿಳಿಸಿ.

ದಾವಣಗೆರೆಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಎಲ್ಲ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಿಗೆ ಬದಲಾಯಿಸಿಬಿಡಿ. ನಾನು ಹಾಗೆ ಮಾಡಿದ ಮೇಲೆ ಫೋನು ಹೆಚ್ಚಿನ ಹೆಸರುಗಳನ್ನು ಸರಿಯಾಗಿ ಗುರುತಿಸುತ್ತಿದೆ. ಕನ್ನಡ ಲಿಪಿ ಈ ಯಂತ್ರಗಳಿಗೆ ಇನ್ನೂ ಒಗ್ಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೈಸೂರಿನಿಂದ, ದೃಷ್ಟಿದೋಷವುಳ್ಳವರಿಗೆ ಫೋನ್ ಬಳಕೆ ಕಲಿಸುವವರು

ಮೇಲಿನ ಸಲಹೆಯಲ್ಲಿ ಅರ್ಧ ನಿಜವಿದೆ. ಫೋನು ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವಂತೆ ಹೊಂದಿಸಿದ್ದರೆ ಇಂಗ್ಲಿಷ್ ಅಕ್ಷರದ ಹೆಸರುಗಳು ಬೇಗ ಸಿಗುತ್ತವೆ. ಆದರೆ ಒಬ್ಬರು Shantha ಎಂದೂ ಇನ್ನೊಬ್ಬರು Santa ಎಂದೂ ಬರೆಯುವ ನಮ್ಮ ಪದ್ಧತಿಯಿಂದ ಹೊಸ ಗೊಂದಲ ಹುಟ್ಟುತ್ತದೆ. ಕನ್ನಡ ಮಾತ್ರ ಓದಬಲ್ಲವರು ಮನೆಯಲ್ಲಿದ್ದರೆ ಅವರಿಗೆ ಪಟ್ಟಿಯೇ ನಿರುಪಯುಕ್ತವಾಗುತ್ತದೆ. ಆದ್ದರಿಂದ ಹೆಸರನ್ನು ಮುಟ್ಟುವ ಮೊದಲು ತಪ್ಪು ಯಾವ ಹಂತದಲ್ಲಿ ಆಗುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ತಂದೆಯವರು ಮಾತನಾಡುವಾಗ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ಮೂಡುವ ಅಕ್ಷರಗಳನ್ನು ಓದಿ. ಅವರು ಹೇಳಿದ ಮಾತು ಅಲ್ಲಿ ‘ಶಾಂತ ಅಕ್ಕನ ಗೆ’ ಎಂದೋ ‘Shanta akanige’ ಎಂದೋ ಮೂಡಿದರೆ, ಫೋನು ಕೇಳಿಸಿಕೊಳ್ಳುವುದರಲ್ಲಿಯೇ ಎಡವಿದೆ ಎಂದರ್ಥ. ಅಕ್ಷರಗಳು ಸರಿಯಾಗಿ ಮೂಡಿಯೂ ಬೇರೆಯವರಿಗೆ ಕರೆ ಹೋದರೆ, ಕೇಳಿದ್ದನ್ನು ಪಟ್ಟಿಯ ಹೆಸರಿನೊಂದಿಗೆ ಹೊಂದಿಸುವುದರಲ್ಲಿ ತಪ್ಪಾಗಿದೆ. ಮೊದಲನೆಯದಕ್ಕೆ ಭಾಷೆಯ ಸೆಟ್ಟಿಂಗ್ ನೋಡಬೇಕು, ಎರಡನೆಯದಕ್ಕೆ ಹೆಸರನ್ನು ಉಳಿಸಿದ ರೀತಿಯನ್ನು ನೋಡಬೇಕು. ಇವೆರಡನ್ನೂ ಬೆರೆಸಿ ಒಂದೇ ಸಲ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಭಾಷೆಯನ್ನು ಗೂಗಲ್ ಆ್ಯಪಿನಲ್ಲಿ ನಿಮ್ಮ ಚಿತ್ರವನ್ನು ಒತ್ತಿ, Settings, Google Assistant, Languages ಎಂಬ ದಾರಿಯಲ್ಲಿ ನೋಡಬಹುದು. ಅಲ್ಲಿ ಎರಡು ಭಾಷೆಗಳನ್ನು ಇಟ್ಟುಕೊಳ್ಳಲು ಅವಕಾಶವಿರುವುದರಿಂದ ಕನ್ನಡವನ್ನು ಮೊದಲನೆಯದಾಗಿಯೂ ಭಾರತದ ಇಂಗ್ಲಿಷನ್ನು ಎರಡನೆಯದಾಗಿಯೂ ಇಡಿ. ಹೊಸ ಫೋನುಗಳಲ್ಲಿ ಸಹಾಯಕ ಬೇರೆಯದಾಗಿದ್ದರೆ ಈ ಜಾಗವೂ ಬೇರೆಯಾಗಿರುತ್ತದೆ.

ಇನ್ನು ಉಳಿದದ್ದು ನಮ್ಮ ವಿಭಕ್ತಿ ಪ್ರತ್ಯಯದ ತೊಂದರೆ; ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಪಟ್ಟಿಯಲ್ಲಿರುವುದು ‘ಶಾಂತಕ್ಕ’, ಬಾಯಲ್ಲಿ ಬರುವುದು ‘ಶಾಂತಕ್ಕನಿಗೆ’, ಮನೆಮಾತಿನಲ್ಲಾದರೆ ‘ಶಾಂತಕ್ಕಂಗೆ’. ಪ್ರಸಾದ್ ಎಂಬವರಿಗೆ ನಾವು ಸಂದರ್ಭಕ್ಕೆ ತಕ್ಕಂತೆ ಪ್ರಸಾದ್‌ಗೆ, ಪ್ರಸಾದನಿಗೆ, ಪ್ರಸಾದರಿಗೆ ಎಂದು ಮೂರು ಬಗೆಯಾಗಿ ಹೇಳುತ್ತೇವೆ. ಫೋನು ಬಾಲವನ್ನು ಕಳಚಿ ಮೂಲ ಹೆಸರನ್ನು ಹುಡುಕಬೇಕು. ಕೆಲವೊಮ್ಮೆ ಅದು ಕಡಿಮೆ ಕಳಚುತ್ತದೆ, ಕೆಲವೊಮ್ಮೆ ‘ಕ್ಕ’ವನ್ನೂ ಸೇರಿಸಿ ಕಳಚಿಬಿಡುತ್ತದೆ. ಹಾಗೆ ಉಳಿದ ‘ಶಾಂತ’ಕ್ಕೆ ನಿಮ್ಮ ಪಟ್ಟಿಯಲ್ಲಿ ಹತ್ತಿರವಾಗಿ ಕಂಡದ್ದು ಶಾಂತಾರಾಮ್ ಅವರ ಹೆಸರು ಇರಬೇಕು. ನನ್ನ ವಿದ್ಯಾರ್ಥಿಗಳಿಗೆ ‘ಕಾಲ್ ಶಾಂತಕ್ಕ’ ಎಂದು ಹೆಸರನ್ನು ಕೊನೆಯಲ್ಲಿ, ಪ್ರತ್ಯಯವಿಲ್ಲದೆ, ನಡುವೆ ಒಂದು ಕ್ಷಣ ತಡೆದು ಹೇಳಲು ಕಲಿಸುತ್ತೇನೆ. ಕೇಳಲು ಸೊಗಸಿಲ್ಲ, ಒಪ್ಪುತ್ತೇನೆ. ಆದರೆ ಕೆಲಸ ಮಾಡುತ್ತದೆ.

ಹಿರಿಯರಿಗೆ ಆ ಅಭ್ಯಾಸ ಬಾರದಿದ್ದರೆ ಫೋನನ್ನೇ ಅವರ ಮಾತಿಗೆ ಒಗ್ಗಿಸಬೇಕು. ಸಂಪರ್ಕ ಪಟ್ಟಿಯಲ್ಲಿ ಶಾಂತಕ್ಕನವರ ಹೆಸರನ್ನು ತೆರೆದು, ಪೆನ್ಸಿಲ್ ಗುರುತನ್ನು ಒತ್ತಿ, ಕೆಳಗೆ More fields ಅಥವಾ ಅದನ್ನು ಹೋಲುವ ಗುಂಡಿಯನ್ನು ಒತ್ತಿದರೆ Nickname ಮತ್ತು Phonetic first name ಎಂಬ ಜಾಗಗಳು ಸಿಗುತ್ತವೆ. ಮುಖ್ಯ ಹೆಸರು ಕನ್ನಡದಲ್ಲಿಯೇ ಇರಲಿ. Phonetic first name ಜಾಗದಲ್ಲಿ Shaantakka ಎಂದು ಉಚ್ಚಾರಕ್ಕೆ ಹತ್ತಿರವಾಗಿ, ದೀರ್ಘವನ್ನು ಎರಡು ಅಕ್ಷರಗಳಿಂದ ತೋರಿಸಿ ಬರೆಯಿರಿ. Nickname ಜಾಗದಲ್ಲಿ ತಂದೆಯವರು ಆ ವ್ಯಕ್ತಿಯನ್ನು ನಿಜವಾಗಿ ಹೇಗೆ ಕರೆಯುತ್ತಾರೋ ಹಾಗೆಯೇ ಹಾಕಿ. ಆಧಾರ್ ಕಾರ್ಡಿನಲ್ಲಿ ಹನುಮಂತಯ್ಯ ಎಂದಿದ್ದರೂ ಅವರ ಬಾಯಲ್ಲಿ ‘ಅನ್ಮಂತಣ್ಣ’ ಎಂದಿದ್ದರೆ ಅಲ್ಲಿ ‘ಅನ್ಮಂತಣ್ಣ’ ಎಂದೇ ಇರಬೇಕು. ನಾನು ನೋಡಿದ ಫೋನುಗಳಲ್ಲಿ Nickname ಹೆಚ್ಚು ನೆಚ್ಚಬಹುದಾದದ್ದು. Phonetic ಜಾಗವನ್ನು ಎಲ್ಲ ತಯಾರಕರ ಫೋನುಗಳೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಗ್ಯಾಸ್‌ನವರ ಹೆಸರನ್ನೂ ಸ್ವಲ್ಪ ಬದಲಾಯಿಸಿ. ‘ಗ್ಯಾಸ್ ಶಾಂತಾರಾಮ್’ ಎಂದು ಕಸುಬನ್ನು ಮುಂದೆ ತಂದರೆ ಎರಡು ಹೆಸರುಗಳು ಮೊದಲ ಅಕ್ಷರದಲ್ಲಿಯೇ ಬೇರ್ಪಡುತ್ತವೆ.

ಹುಬ್ಬಳ್ಳಿಯ ಡಿಟಿಪಿ ಕೆಲಸಗಾರರು

ಎರಡನೆಯ ಹೆಸರಿನ ತೊಂದರೆ ಬೇರೆಯೇ ಇದೆ. ನೀವು ನಕಲು ಮಾಡಿ ಹಾಕಿರುವ ‘ಶ೦ಕರ’ದಲ್ಲಿ ಶ ಅಕ್ಷರದ ಪಕ್ಕದಲ್ಲಿರುವುದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ನೋಡಲು ಎರಡೂ ಒಂದೇ ರೀತಿ ಇರುತ್ತವೆ, ಕೆಲವು ಫಾಂಟುಗಳಲ್ಲಿ ಸೊನ್ನೆ ಕೂದಲೆಳೆಯಷ್ಟು ಅಗಲವಾಗಿ ಕಾಣುತ್ತದೆ, ಅಷ್ಟೆ. ಫೋನಿಗೆ ಮಾತ್ರ ಇದು ನಡುವೆ ಅಂಕಿ ಸೇರಿಕೊಂಡ ಹೆಸರು. ಬಾಯಲ್ಲಿ ಹೇಳಿದ ‘ಶಂಕರ’ಕ್ಕೆ ಅದು ಹೊಂದುವುದೇ ಇಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವಾಗ ಈ ತಪ್ಪನ್ನು ನಾವು ದಿನವೂ ತಿದ್ದುತ್ತೇವೆ. ಬೇರೆಯವರು ಕಳಿಸಿದ ಸಂಪರ್ಕವನ್ನು ಹಾಗೆಯೇ ಉಳಿಸಿಕೊಂಡಾಗಲೂ ಇದು ಒಳಗೆ ಬರುತ್ತದೆ.

ಪರೀಕ್ಷಿಸುವುದು ಸುಲಭ. ಸಂಪರ್ಕ ಪಟ್ಟಿಯ ಹುಡುಕುವ ಜಾಗದಲ್ಲಿ ಕನ್ನಡ ಕೀಲಿಮಣೆಯಿಂದ ‘ಶಂ’ ಎಂದು ಟೈಪ್ ಮಾಡಿ. ಕಣ್ಣಿಗೆ ಕಾಣುವ ಹೆಸರು ಹುಡುಕಾಟದಲ್ಲಿ ಬಾರದಿದ್ದರೆ ಒಳಗೆ ಬೇರೆ ಅಕ್ಷರವಿದೆ ಎಂದು ತಿಳಿಯಿರಿ. ಇಡೀ ಹೆಸರನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ. ನಡುವಿನ ಅಕ್ಷರವನ್ನು ಮಾತ್ರ ತಿದ್ದಲು ಹೋದರೆ ಒತ್ತಕ್ಷರಗಳ ಬಳಿ ಕರ್ಸರ್ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಮಂಜುನಾಥ, ಗಂಗಮ್ಮ, ಚಂದ್ರು, ನಂಜಪ್ಪ ಮುಂತಾದ ಹೆಸರುಗಳನ್ನೂ ಒಮ್ಮೆ ಹೀಗೆ ಹುಡುಕಿ ನೋಡಿ.

ಹಳೆಯ ಹೆಸರುಗಳು ಸಿಮ್ ಕಾರ್ಡಿನಲ್ಲಿಯೇ ಇದ್ದರೆ ಅವುಗಳನ್ನು ಗೂಗಲ್ ಖಾತೆಗೆ ಸಾಗಿಸಿಕೊಳ್ಳಿ. ಸಿಮ್‌ನಲ್ಲಿ ಹೆಸರಿಗೆ ಇರುವ ಜಾಗ ಚಿಕ್ಕದು, ಕನ್ನಡದಲ್ಲಿ ಬರೆದರೆ ಅದು ಇನ್ನೂ ಬೇಗ ತುಂಬುತ್ತದೆ. ‘ಕೃಷ್ಣಪ್ಪ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರವಾದರೂ ಯೂನಿಕೋಡಿನ ಲೆಕ್ಕದಲ್ಲಿ 8 ಸಂಕೇತಗಳು. ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಗಿರುವುದಕ್ಕೆ ಕಾರಣ ಇದೇ. ಸಿಮ್‌ನಲ್ಲಿ Nickname ಮುಂತಾದ ಹೆಚ್ಚಿನ ಜಾಗಗಳೂ ಸಾಮಾನ್ಯವಾಗಿ ಸಿಗುವುದಿಲ್ಲ.

ಉಡುಪಿಯ ಗೃಹಿಣಿ

ನಮ್ಮ ಅತ್ತೆಯವರಿಗೆ ಇದೇ ತೊಂದರೆಯಿತ್ತು. ಗೂಗಲ್‌ನ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ Caller ID announcement ಎಂಬುದನ್ನು ತೆರೆದು Always ಎಂದು ಆರಿಸಿದೆವು. ಈಗ ಯಾರ ಕರೆ ಬಂದರೂ ಫೋನು ಗಟ್ಟಿಯಾಗಿ ಹೆಸರು ಹೇಳುತ್ತದೆ, ಅವರು ಕನ್ನಡಕ ಹುಡುಕಬೇಕಾಗಿಲ್ಲ.

ಮೈಸೂರಿನಿಂದ, ಮತ್ತೆ

ಅಮ್ಮಾ, ಅದು ಒಳಬರುವ ಕರೆಗೆ ಸಂಬಂಧಿಸಿದ ಸೌಲಭ್ಯ. ಇಲ್ಲಿ ಕೇಳಿರುವುದು ಹೊರಹೋಗುವ ಕರೆಯ ಬಗ್ಗೆ. ಆದರೂ ಅದರಿಂದ ಒಂದು ಉಪಯೋಗವಿದೆ. ಫೋನು ಆ ಹೆಸರನ್ನು ತಾನೇ ಹೇಗೆ ಓದುತ್ತದೆ ಎಂಬುದು ಅಲ್ಲಿ ಕಿವಿಗೆ ಬೀಳುತ್ತದೆ. ಅದು ಹೆಸರನ್ನು ವಿಚಿತ್ರವಾಗಿ ಓದಿದರೆ, ಹಿಂದಿನವರು ಹೇಳಿದ ಸೊನ್ನೆಯಂಥದ್ದೇನಾದರೂ ಒಳಗಿದೆಯೇ ಎಂದು ಅನುಮಾನಿಸಬಹುದು.

ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು

ನನ್ನದು ಐಫೋನ್, ಆದ್ದರಿಂದ ಪ್ರಶ್ನೆಗೆ ನೇರ ಉತ್ತರವಲ್ಲ. ಇಲ್ಲಿ ಸಿರಿ ಅಮೆರಿಕದ ಇಂಗ್ಲಿಷಿನಲ್ಲಿದ್ದಾಗ ‘ಪುಟ್ಟಸ್ವಾಮಿ’ ಎಂಬ ಹೆಸರನ್ನು ಎಂದೂ ಗ್ರಹಿಸುತ್ತಿರಲಿಲ್ಲ. ಭಾರತದ ಇಂಗ್ಲಿಷಿಗೆ ಬದಲಾಯಿಸಿದ ಮೇಲೆ ಬಹಳಷ್ಟು ಸುಧಾರಿಸಿತು. ಉಳಿದ ಕೆಲವು ಹೆಸರುಗಳಿಗೆ Edit ಒತ್ತಿ, ಕೆಳಗಿನ add field ಮೂಲಕ Pronunciation first name ಎಂಬುದನ್ನು ಸೇರಿಸಿದೆ. ತೊಂದರೆಯೆಂದರೆ ಮಕ್ಕಳು ಅದೇ ಜನರನ್ನು ‘Putta uncle’ ಎಂದು ಉಳಿಸಿಕೊಂಡಿದ್ದಾರೆ, ಕುಟುಂಬದ ಖಾತೆ ಒಂದೇ ಆಗಿರುವುದರಿಂದ ಎರಡೂ ಹೆಸರುಗಳು ಬಂದು ಪ್ರತಿ ಸಲವೂ ಯಾರು ಎಂದು ಕೇಳುತ್ತದೆ. ಆಂಡ್ರಾಯ್ಡಿನಲ್ಲಿ ಇದಕ್ಕೆ ಪರಿಹಾರವಿದೆಯೇ?

ಹುಬ್ಬಳ್ಳಿಯ ಡಿಟಿಪಿ ಕೆಲಸಗಾರರು, ಮತ್ತೆ

ಗೂಗಲ್ ಸಂಪರ್ಕ ಪಟ್ಟಿಯಲ್ಲಿ Merge & fix ಎಂಬುದಿದೆ. ಆದರೆ ಒಂದು ಹೆಸರು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ ಇದ್ದು ಸಂಖ್ಯೆಗಳೂ ಬೇರೆಯಾಗಿದ್ದರೆ ಅದು ಒಬ್ಬರೇ ಎಂದು ಅದಕ್ಕೆ ತಿಳಿಯುವುದಿಲ್ಲ; ಎರಡನ್ನೂ ಆರಿಸಿ ನಾವೇ ಕೂಡಿಸಬೇಕು. ಒಬ್ಬರಿಗೇ ಎರಡು ಸಂಖ್ಯೆಗಳಿದ್ದರೆ ಬೇಕಾದ ಸಂಖ್ಯೆಯನ್ನು ಒತ್ತಿ ಹಿಡಿದು Set default ಎಂದು ಆರಿಸಿ, ಆಗ ಯಾವ ಸಂಖ್ಯೆ ಎಂಬ ಪ್ರಶ್ನೆ ನಿಲ್ಲುತ್ತದೆ. ಪಟ್ಟಿಯಲ್ಲಿ ಮೇಲೆ ಬರಲೆಂದು ‘AA Amma’ ಎಂದು ಉಳಿಸುವವರು ಆ ಎರಡು ಅಕ್ಷರಗಳನ್ನು ತೆಗೆದು ನಕ್ಷತ್ರದ ಗುರುತನ್ನು ಒತ್ತಿದರೆ ಸಾಕು.

ಬೆಂಗಳೂರಿನ ಕ್ಯಾಬ್ ಚಾಲಕರು

ಫೋನಿನಲ್ಲಿ ನನಗೆ ತೊಂದರೆಯಿಲ್ಲ. ಕಾರಿನ ಸ್ಟೀರಿಂಗ್ ಗುಂಡಿ ಒತ್ತಿ ಹೇಳಿದರೆ ಕನ್ನಡದ ಹೆಸರುಗಳು ಸಿಗುವುದೇ ಇಲ್ಲ, ಪರದೆಯಲ್ಲಿ ಚೌಕ ಚೌಕವಾಗಿ ಕಾಣುತ್ತವೆ. ಆದ್ದರಿಂದ ಗಾಡಿಯ ಕೆಲಸಕ್ಕೆ ಬೇಕಾದವರ ಹೆಸರುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟಿದ್ದೇನೆ.

ಮೈಸೂರಿನಿಂದ, ಮತ್ತೆ

ಚೌಕಗಳು ಕಾಣುತ್ತಿದ್ದರೆ ಕಾರಿನ ಪರದೆಯಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಬ್ಲೂಟೂತ್ ಮೂಲಕ ಹೆಸರುಗಳ ಪಟ್ಟಿ ಮಾತ್ರ ಕಾರಿಗೆ ಹೋಗಿ, ಕೇಳಿಸಿಕೊಳ್ಳುವ ಕೆಲಸವನ್ನು ಕಾರೇ ಮಾಡುತ್ತಿರುವಾಗ ಫೋನಿನ ಯಾವ ಸೆಟ್ಟಿಂಗೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಂಡ್ರಾಯ್ಡ್ ಆಟೋ ಇರುವ ಕಾರಾದರೆ ಫೋನನ್ನು ಅದಕ್ಕೆ ಜೋಡಿಸಿ, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ನೋಡಿ. ಆಗ ಹಲವು ಕಾರುಗಳಲ್ಲಿ ಫೋನೇ ಕೇಳಿಸಿಕೊಳ್ಳುತ್ತದೆ. ಅದಿಲ್ಲದ ಹಳೆಯ ಗಾಡಿಗೆ ನೀವು ಮಾಡಿಕೊಂಡಿರುವುದಕ್ಕಿಂತ ಉತ್ತಮ ಉಪಾಯ ನನಗೆ ತೋಚುವುದಿಲ್ಲ.

ಕೇಳಿದವರು, ತುಮಕೂರು

ಎಲ್ಲರಿಗೂ ಧನ್ಯವಾದಗಳು. ‘ಶಂಕರ’ ಎಂದು ಹೊಸದಾಗಿ ಟೈಪ್ ಮಾಡಿದ ಕೂಡಲೇ ಕರೆ ಹೋಯಿತು; ಹುಡುಕಿದಾಗ ಗಂಗಾಧರ ಎಂಬ ಹೆಸರಿನಲ್ಲಿಯೂ ಅದೇ ಸೊನ್ನೆ ಸಿಕ್ಕಿತು. ಶಾಂತಕ್ಕನವರ ವಿಷಯದಲ್ಲಿ ಪರದೆಯ ಮೇಲೆ ಮಾತು ಸರಿಯಾಗಿಯೇ ಮೂಡುತ್ತಿತ್ತು. ಗ್ಯಾಸ್‌ನವರ ಹೆಸರನ್ನು ತಿರುಗಿಸಿ ಬರೆದು Nickname ಸೇರಿಸಿದ ಮೇಲೆ ‘ಶಾಂತಕ್ಕನಿಗೆ’ ಎಂದರೂ ಸರಿಯಾಗಿ ಹೋಗುತ್ತಿದೆ. ‘ಶಾಂತಕ್ಕಂಗೆ’ ಎಂದಾಗ ಮಾತ್ರ ಕೆಲವು ಸಲ ಹೆಸರು ಸಿಗಲಿಲ್ಲ ಎನ್ನುತ್ತದೆ. Nickname ಜಾಗದಲ್ಲಿ ‘ಶಾಂತಕ್ಕಂಗೆ’ ಎಂದೇ ಬರೆದು ನೋಡಿದವರು ಯಾರಾದರೂ ಇದ್ದಾರೆಯೇ?

ಮೈಸೂರಿನಿಂದ, ಮತ್ತೆ

ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ ಹಾಗೆ ಮಾಡಿದ್ದೆವು, ಕೆಲಸ ಮಾಡಿತು. ಆದರೆ ಕರೆ ಹೋಗುವಾಗ ಫೋನು ಆ ಪ್ರತ್ಯಯವನ್ನೂ ಸೇರಿಸಿ ಹೆಸರನ್ನು ಓದಿ ಹೇಳುತ್ತಿತ್ತು. ತಂದೆಯವರಿಗೆ ಅದರಿಂದ ಕಿರಿಕಿರಿಯಾಗದಿದ್ದರೆ ಪ್ರಯತ್ನಿಸಿ.