ಬೆಂಗಳೂರು ಎತ್ತರದಲ್ಲಿರೋದಕ್ಕೇ ತಂಪು, ಕಮ್ಮಿ ಮಳೆ, ದೂರದ ನೀರಾ?

ಪ್ರಶ್ನೆ (ಮಂಗಳೂರಿನಿಂದ ಬಂದವರು): ಮಂಗಳೂರು, ಬೆಂಗಳೂರು ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಉಂಟು. ಮತ್ತೆ ಇಲ್ಲಿ ರಾತ್ರಿ ತಂಪು, ಮಳೆ ಕಡಿಮೆ, ನೀರು ನೂರು ಕಿಲೋಮೀಟರ್ ದೂರದಿಂದ ಬರ್ತದೆ ಅಂತಾರೆ. ಈ ಮೂರಕ್ಕೂ ಎತ್ತರವೇ ಕಾರಣವಾ ಮಾರಾಯ್ರೇ?

ಕಾಮೆಂಟ್ 1: ಹೌದು, ಸಿಂಪಲ್. ಸಾವಿರ ಮೀಟರ್ ಮೇಲೆ ಹೋದ್ರೆ ಆರೂವರೆ ಡಿಗ್ರಿ ಕಮ್ಮಿ. ಬೆಂಗಳೂರು 920 ಮೀಟರ್, ಅಂದ್ರೆ ಯಾವಾಗ್ಲೂ ಆರು ಡಿಗ್ರಿ ತಂಪು. ಮೋಡನೂ ಅಷ್ಟು ಮೇಲೆ ಹತ್ತಕ್ಕಾಗಲ್ಲ, ಅದಕ್ಕೇ ಮಳೆ ಕಮ್ಮಿ.

ಉತ್ತರ (ನೀರು ಪಂಪಿಂಗ್ ಕೆಲಸದಲ್ಲಿ 26 ವರ್ಷ ಇದ್ದವನು): ಆರೂವರೆ ಡಿಗ್ರಿ ಲೆಕ್ಕ ಸರಿ, "ಯಾವಾಗ್ಲೂ" ಅನ್ನೋದು ಸರಿ ಇಲ್ಲ. ಏಪ್ರಿಲ್ ಮಧ್ಯಾಹ್ನ ಎರಡೂ ಊರಲ್ಲೂ 34ರ ಹತ್ತಿರಾನೇ ಇರುತ್ತೆ, ಯಾಕಂದ್ರೆ ಮಂಗಳೂರನ್ನ ಸಮುದ್ರದ ಗಾಳಿ ತಡೆಯುತ್ತೆ, ಬೆಂಗಳೂರಿನ ಒಣ ನೆಲ ಬೇಗ ಕಾಯುತ್ತೆ. ಎತ್ತರದ ಲಾಭ ಗೊತ್ತಾಗೋದು ಸೂರ್ಯ ಮುಳುಗಿದ ಮೇಲೆ, ಗಾಳೀಲಿ ತೇವ ಕಮ್ಮಿ ಇರೋದ್ರಿಂದ ಶಾಖ ಬೇಗ ಬಿಟ್ಟುಹೋಗುತ್ತೆ, ಅಲ್ಲಿ ಬೆಳಗಿನ ಜಾವಾನೂ ಬೆವರು, ಇಲ್ಲಿ ಹೊದಿಕೆ ಎಳ್ಕೋಬೇಕು ಅನ್ಸುತ್ತೆ.

ಮಳೆ ವಿಷಯ ಬೇರೆ. ಊರು ಎಷ್ಟು ಎತ್ತರದಲ್ಲಿದೆ ಅನ್ನೋದಕ್ಕಿಂತ ಬೆಟ್ಟದ ಯಾವ ಕಡೆ ಇದೆ ಅನ್ನೋದು ಮುಖ್ಯ. ಮಡಿಕೇರಿ ಬೆಂಗಳೂರಿಗಿಂತ ಎತ್ತರ, ಅಲ್ಲಿ ಸುರಿಯೋದು ನೋಡಿದೀರಲ್ಲ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರೆಲ್ಲ ಅಲ್ಲೇ ಸುರಿಸಿ, ಈ ಕಡೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತೆ. ಅದಕ್ಕೇ ಜುಲೈನಲ್ಲಿ ನಿಮ್ಮೂರು ಮುಳುಗ್ತಿದ್ರೆ ಇಲ್ಲಿ ಬರೀ ಸೋನೆ, ನಮ್ಗೆ ಜೋರು ಮಳೆ ಅಂದ್ರೆ ಮೇ ಗುಡುಗಿನ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್.

ನೀರಿನ ವಿಷಯದಲ್ಲಿ ಮಾತ್ರ ಎತ್ತರ ನಿಜವಾಗ್ಲೂ ದುಬಾರಿ. ಬೆಂಗಳೂರು ಕೂತಿರೋದು ದಿಣ್ಣೆ ಮೇಲೆ, ಪಶ್ಚಿಮಕ್ಕೆ ಬಿದ್ದ ಹನಿ ಅರ್ಕಾವತಿ ಕಡೆ, ಪೂರ್ವಕ್ಕೆ ಬಿದ್ದಿದ್ದು ದಕ್ಷಿಣ ಪಿನಾಕಿನಿ ಕಡೆ ಜಾರಿಹೋಗುತ್ತೆ, ದೊಡ್ಡ ನದಿ ಹರಿಯೋಕೆ ಜಾಗಾನೇ ಇಲ್ಲ. ಹಿಂದಿನವರು ಕೆರೆ ಕಟ್ಟಿದ್ದು ಅದಕ್ಕೇ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು, ಎರಡೂ ಸಣ್ಣ ಅರ್ಕಾವತಿಯದ್ದೇ, ಸಾಕಾಗ್ಲಿಲ್ಲ. 1974ರಲ್ಲಿ ಕಾವೇರಿ ಬಂತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಮೇಲಕ್ಕೆ ಎತ್ತಬೇಕು. ನಿಜವಾದ ಎತ್ತರ, ಪೈಪಿನೊಳಗಿನ ಘರ್ಷಣೆ ಎರಡೂ ಸೇರಿ ಸುಮಾರು 500 ಮೀಟರ್ ಹೆಡ್, ಅಂದ್ರೆ ನೀರನ್ನ ನೇರ 500 ಮೀಟರ್ ಮೇಲಕ್ಕೆ ಎತ್ತಿದಷ್ಟೇ ಕೆಲಸ. ಒಂದೇ ಏಟಿಗೆ ಎತ್ತಕ್ಕೆ ಹೋದ್ರೆ ಕೆಳಗಡೆ ಪೈಪಲ್ಲಿ ಒಂದು ಚದರ ಸೆಂಟಿಮೀಟರ್‌ಗೆ 50 ಕೆಜಿ ಒತ್ತಡ ಬೀಳುತ್ತೆ, ಅದಕ್ಕೇ ಮೂರು ಮೆಟ್ಟಿಲು.

ಕರೆಂಟ್ ಲೆಕ್ಕ ನೀವೇ ಹಾಕಿ ನೋಡಿ. ಸಾವಿರ ಲೀಟರ್ ಅಂದ್ರೆ ಒಂದು ಟನ್, ಅದನ್ನ 500 ಮೀಟರ್ ಎತ್ತಕ್ಕೆ ಕಮ್ಮಿ ಅಂದ್ರೂ 1.36 ಯೂನಿಟ್ ಬೇಕು, ಪಂಪು ಮೋಟಾರು ಸೇರಿ ನೂರಕ್ಕೆ 75 ಕೆಲಸ ಮಾಡ್ತವೆ ಅಂದ್ಕೊಂಡ್ರೆ 1.8. ದಿನಕ್ಕೆ 500 ಲೀಟರ್ ಬಳಸೋ ಮನೆಗೆ ನೀರು ಊರು ಮುಟ್ಟೋಕೇ ದಿನಾ ಒಂದು ಯೂನಿಟ್ ಹತ್ತಿರ ಹೋಗುತ್ತೆ. ನಿಮ್ಮ ಸಂಪಿಂದ ಟ್ಯಾಂಕಿಗೆ ಏರಿಸೋ ಮೋಟಾರಿನ ಖರ್ಚು ಇದರ ಮುಂದೆ ಏನೂ ಅಲ್ಲ.

ನಂಗೆ ಇನ್ನೂ ಮರೆಯಕ್ಕಾಗದೆ ಇರೋದು ಕರೆಂಟ್ ಟ್ರಿಪ್ ಆದ ರಾತ್ರಿಗಳು. ಪಂಪ್ ನಿಂತ ತಕ್ಷಣ ಪೈಪಲ್ಲಿ ಹತ್ತುತ್ತಿದ್ದ ನೀರು ಹಿಂದಕ್ಕೆ ಬರುತ್ತೆ, ನಾನ್ ರಿಟರ್ನ್ ವಾಲ್ವ್ ಧಡಾರ್ ಅಂತ ಮುಚ್ಕೊಳುತ್ತೆ, ಕಾಲಡಿ ಕಾಂಕ್ರೀಟ್ ನಡುಗುತ್ತೆ. ಆ ಏಟು ತಡ್ಕೊಳಕ್ಕೇ ಸರ್ಜ್ ಟ್ಯಾಂಕ್ ಇಟ್ಟಿರೋದು. ಕರೆಂಟ್ ಬಂತು ಅಂತ ಎಲ್ಲಾ ಪಂಪ್ ಒಟ್ಟಿಗೆ ಹಾಕಂಗಿಲ್ಲ, ಗಾಳಿ ಹೊರಗೆ ಹೋಗ್ತಿದೆಯಾ ನೋಡ್ಕೊಂಡು ಒಂದೊಂದಾಗಿ. ಅರ್ಧ ಗಂಟೆ ಪವರ್ ಹೋದ್ರೆ ಊರಲ್ಲಿ ನೀರು ಅದಕ್ಕಿಂತ ಎಷ್ಟೋ ಹೊತ್ತು ತಡ ಆಗೋದು ಇದಕ್ಕೇ.

ಕಾಮೆಂಟ್ 2: ಸರ್, ನಮ್ದು 14ನೇ ಫ್ಲೋರ್. ಅಂದ್ರೆ ನಮ್ಮನೆ ಗ್ರೌಂಡ್ ಫ್ಲೋರಿಗಿಂತ ತಂಪಿರ್ಬೇಕಲ್ವಾ? ಬೇಸಿಗೇಲಿ ಕಾದ ಹೆಂಚು ಥರ ಇದೆ.

ಉತ್ತರ: ಹದಿನಾಲ್ಕು ಮಹಡಿ ಅಂದ್ರೆ 45 ಮೀಟರ್, ಕಾಲು ಡಿಗ್ರಿ ಚಿಲ್ಲರೆ. ಪಶ್ಚಿಮದ ಗೋಡೆಗೆ ಬಿಸಿಲು ಬಿದ್ರೆ ಅದೆಲ್ಲಿ ಗೊತ್ತಾಗುತ್ತೆ.

ಕಾಮೆಂಟ್ 3: ನಮ್ಮ ರಸ್ತೆ ತುದಿ ಏರಿನಲ್ಲಿದೆ ಅಣ್ಣ. ಕೆಳಗಿನ ಮನೆಯವ್ರಿಗೆ ಸಂಪ್ ತುಂಬಿ ಹರಿಯುತ್ತೆ, ನಮ್ಗೆ ನೂಲಿನ ಥರ ಬರುತ್ತೆ. ಇದೂ ಎತ್ತರಾನೇನಾ ಅಥವಾ ಪೈಪ್ ಬ್ಲಾಕಾ?

ಉತ್ತರ: ನೀರು ಬಿಟ್ಟ ಮೊದಲ ಹತ್ತು ನಿಮಿಷ ಗೇಟ್ ಹತ್ರದ ನಲ್ಲಿ ನೋಡಿ, ಆಮೇಲೆ ಕೆಳಗಿನ ಸಂಪ್‌ಗಳೆಲ್ಲ ತುಂಬಿದ ಮೇಲೆ ಇನ್ನೊಂದ್ಸಲ ನೋಡಿ. ಕೊನೆಗೆ ಜೋರಾದ್ರೆ ಎತ್ತರದ ಸಮಸ್ಯೆ, ಕೆಳಗಿನವರು ಎಳ್ಕೊಂಡು ಒತ್ತಡ ಇಳಿದಿರುತ್ತೆ. ಎರಡು ಸಲಾನೂ ಒಂದೇ ಥರ ಸಣ್ಣಗೆ ಬಂದ್ರೆ ನಿಮ್ಮ ಕನೆಕ್ಷನ್ ಪೈಪಲ್ಲೇ ಏನೋ ಕಟ್ಟಿರ್ಬೋದು. ಬೂಸ್ಟರ್ ಮಾತ್ರ ಲೈನಿಗೆ ಹಾಕ್ಬೇಡಿ, ಸೋರೋ ಜಾಯಿಂಟ್ ಇದ್ರೆ ಚರಂಡಿ ನೀರನ್ನೂ ಎಳ್ಕೊಳುತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಆದ್ರೆ ಈಗ ರಾತ್ರಿನೂ ಮೊದಲಿನಷ್ಟು ತಂಪಿಲ್ಲ ಅಂತ ಇಲ್ಲಿನ ಹಳಬರು ಹೇಳ್ತಾರೆ, ಎತ್ತರ ಬದಲಾಗ್ಲಿಲ್ಲ ಅಲ್ವಾ?

ಕಾಮೆಂಟ್ 1: ಅದು ಬರೀ ಕಾಂಕ್ರೀಟ್.

ಉತ್ತರ: ಕಾಂಕ್ರೀಟು ರಾತ್ರಿ ಶಾಖ ಬಿಡುತ್ತೆ, ಕೆರೆ ಮರ ಹೋಗಿದ್ದೂ ಇದೆ, ಇಡೀ ಭೂಮಿನೇ ಬಿಸಿ ಆಗ್ತಿರೋದೂ ಇದೆ. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಹವಾಮಾನದವರ ಕೆಲಸ, ಯಾರಾದ್ರೂ ಇದ್ರೆ ಇಲ್ಲಿ ಬರೀರಿ.

ಕಾಮೆಂಟ್ 3: ನಮ್ಗೆ ನೀರು ಬಿಡೋದು ನಾಳಿದ್ದು ಬೆಳಗ್ಗೆ. ಎರಡು ಸಲ ನೋಡಿ ಹೇಳ್ತೀನಿ ಅಣ್ಣ.