ಸಹಾಯ ಬೇಕು: ಕಾರ್ಟ್ ಬಿಟ್ಟುಹೋದವರಿಗೆ ತೋರಿಸೋ ಜಾಹೀರಾತಿನ ನಿಜವಾದ ಲಾಭ ಲೆಕ್ಕ ಹಾಕೋದು ಹೇಗೆ?

ನಮಸ್ಕಾರ. ನಮ್ಮದು ಆನ್‌ಲೈನ್ ಸೀರೆ ಅಂಗಡಿ. ಕಾರ್ಟ್‌ಗೆ ಸೀರೆ ಹಾಕಿ ಹಣ ಕಟ್ಟದೆ ಹೋದವರಿಗೆ ಅದೇ ಸೀರೆಯ ಜಾಹೀರಾತು ಮತ್ತೆ ತೋರಿಸುತ್ತೇವೆ. ಖರ್ಚು ₹9,600. ಜಾಹೀರಾತಿನಿಂದ 75 ಆರ್ಡರ್ ಬಂತು ಅಂತ ರಿಪೋರ್ಟ್ ಹೇಳುತ್ತದೆ. ಆದರೆ ಸಂಬಳ ಬಂದ ಮೇಲೆ ತಾವಾಗಿಯೇ ವಾಪಸ್ ಬಂದು ಕೊಳ್ಳೋರೂ ಇದ್ದಾರಲ್ವಾ?

ಅದಕ್ಕೇ ಹೀಗೆ ಕಾರ್ಟ್ ಬಿಟ್ಟ 1,000 ಜನರಲ್ಲಿ 200 ಜನರನ್ನು ಲಾಟರಿ ಎತ್ತಿದ ಹಾಗೆ ಆರಿಸಿ, ಅವರಿಗೆ ಜಾಹೀರಾತು ನಿಲ್ಲಿಸಿದೆ. ಅವರಲ್ಲಿ 18 ಜನ ಸುಮ್ನೆ ಬಂದು ಕೊಂಡರು, ಅಂದರೆ 9%. ಉಳಿದ 800ರಲ್ಲಿ 96 ಜನ ಕೊಂಡರು, ಅಂದರೆ 12%. ವ್ಯತ್ಯಾಸ 3%. ಹೆಚ್ಚುವರಿ ಆರ್ಡರ್ ಬರೀ 24, ಒಂದಕ್ಕೆ ₹400 ಖರ್ಚು.

ಗೊಂದಲ ಇಲ್ಲಿದೆ. ಆ 800ರಲ್ಲಿ ಜಾಹೀರಾತು ಕಣ್ಣಿಗೆ ಬಿದ್ದದ್ದು 500 ಜನರಿಗೆ ಮಾತ್ರ. ಆ 75 ಆರ್ಡರ್ ಅವರದ್ದೇ, 15%. ಅವರನ್ನಷ್ಟೇ 9%ಗೆ ಹೋಲಿಸಿದರೆ ಹೆಚ್ಚುವರಿ 30 ಆಗಿ, ಖರ್ಚು ₹320ಕ್ಕೆ ಇಳಿಯುತ್ತದೆ. ಜಾಹೀರಾತಿನ ಖರ್ಚು ಕಳೆಯೋ ಮೊದಲು ಒಂದು ಸೀರೆಗೆ ಉಳಿಯೋದು ₹350, ಹಾಗಾಗಿ ಮೊದಲ ಲೆಕ್ಕದಲ್ಲಿ ನಷ್ಟ, ಇದರಲ್ಲಿ ಲಾಭ. ಆದರೆ ಜಾಹೀರಾತು ನೋಡಿದವರು ಮೊದಲೇ ಫೋನ್‌ನಲ್ಲಿ ಜಾಸ್ತಿ ಇರೋರು, ಕೊಳ್ಳೋರೂ ಅವರೇ ಇರಬಹುದು.

ಯಾವ ಹೋಲಿಕೆ ಸರಿ, 800ರದ್ದೋ 500ರದ್ದೋ? ಇಷ್ಟು ಸಣ್ಣ ವ್ಯತ್ಯಾಸ ನಂಬಬೇಕಾದರೆ ಜಾಹೀರಾತು ನಿಲ್ಲಿಸಿದ ಗುಂಪಿನಲ್ಲಿ ಎಷ್ಟು ಜನ ಇರಬೇಕು?